ಡಬ್ಬಿಯ ಮುಖ ಬೇಡ, ಬೆನ್ನು ತೋರಿಸಿ

ಕಳೆದ ವಾರ ಅವೆನ್ಯೂ ರಸ್ತೆಯಲ್ಲಿದ್ದೆವು. ಅಕ್ಕನ ಮಗಳು ಈ ಸಲ ಕೆಎಎಸ್ ಬರೆಯುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳು ಕೊಟ್ಟ ಪಟ್ಟಿ ಹಿಡಿದುಕೊಂಡು ಮೈಸೂರು ಬ್ಯಾಂಕ್ ವೃತ್ತದಿಂದ ಮಾರುಕಟ್ಟೆ ಕಡೆಗೆ ಅಂಗಡಿ ಅಂಗಡಿ ಹತ್ತಿ ಇಳಿಯುತ್ತಿದ್ದೆವು. ಹಳೇ ಪುಸ್ತಕದ ಅಂಗಡಿಯೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಪುಟ ತಿರುವುತ್ತಿದ್ದಾಗ ಜೇಬಿನ ಫೋನು ಎರಡು ಸಲ ಅಲುಗಿತು. ಅಕ್ಕನ ವಾಟ್ಸ್‌ಆ್ಯಪ್. ಒಂದು ಫೋಟೊ, ಅದರ ಕೆಳಗೆ ಒಂದು ಸಾಲು: "ಗ್ಯಾರೇಜಿನವ್ರು ಈ ಆಯಿಲ್ ತರ್ಬೇಕಂತಾರೆ, ಬೆಂಗ್ಳೂರಲ್ಲಿ ಕಮ್ಮಿಗೆ ಸಿಗುತ್ತಂತೆ. ನಮ್ಮ ಗಾಡಿಗೆ ಆಗ್ತದಾ ನೋಡಪ್ಪ."

ಅಕ್ಕ ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಹಾಲಿನ ಡೇರಿ ಕಾರ್ಯದರ್ಶಿ. ದಿನಕ್ಕೆ ಎರಡು ಸಲ ಡೇರಿ, ನಡುವೆ ಬ್ಯಾಂಕು, ಗೂಡು ಬಂದಾಗ ರೇಷ್ಮೆಗೂಡಿನ ಮಾರುಕಟ್ಟೆ. ಎಲ್ಲದಕ್ಕೂ ಆ ಒಂದು ಗಾಡಿಯೇ. ಮೂರನೇ ಕೈಯಿಂದ ಕೊಂಡ 110 ಸಿಸಿ ಹೋಂಡಾ ಆ್ಯಕ್ಟಿವಾ. ಇತ್ತೀಚೆಗೆ ಅದು ಹೊಗೆ ಬಿಡುತ್ತಿದೆ, ಎಳೆಯುವುದಿಲ್ಲ, ಪೆಟ್ರೋಲು ಕುಡಿಯುತ್ತದೆ ಎಂದು ಗೊಣಗುತ್ತಿದ್ದಳು.

ನಾವು ಮೆಕ್ಯಾನಿಕ್ ಅಲ್ಲ. ಜಿಲ್ಲೆಯ ಸುದ್ದಿ ಬರೆಯುವವರು. ಆದರೆ ವರ್ಷಕ್ಕೆ ಸಾವಿರಾರು ಕಿಲೋಮೀಟರು ಸ್ವಂತ ಪೆಟ್ರೋಲಿನಲ್ಲಿ ಓಡಾಡಿ, ಒಂದು ಎಂಜಿನ್ನನ್ನು ನಮ್ಮ ಅಜ್ಞಾನದಿಂದಲೇ ಸುಟ್ಟುಕೊಂಡವರು. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಹೇಳಬೇಕಾದದ್ದು ಇಷ್ಟೇ: ಆಯಿಲ್ ಡಬ್ಬಿ ನಿಮ್ಮ ಗಾಡಿಗೆ ಆಗುತ್ತದೋ ಇಲ್ಲವೋ ಎಂಬುದು ಡಬ್ಬಿಯ ಮುಖದ ಮೇಲಿಲ್ಲ, ಬೆನ್ನಿನ ಮೇಲಿದೆ. ಆ ಬೆನ್ನನ್ನು ನಮ್ಮ ಊರಿನ ಜನ ಓದಲಾಗದಂತೆ ಬರೆಯಲಾಗಿದೆ. ಎರಡನೆಯದು ನಮ್ಮ ದೂರು. ಮೊದಲು ಮೊದಲನೆಯದನ್ನು ನೋಡೋಣ.

ಅಕ್ಕ ಕಳಿಸಿದ್ದು ಡಬ್ಬಿಯ ಮುಖದ ಫೋಟೊ. ಕೆಂಪು ಡಬ್ಬಿ, ಬೆಂಕಿ ಉಗುಳುವ ಬೈಕಿನ ಚಿತ್ರ, ದಪ್ಪಕ್ಷರದಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಫೋರ್‌ ಟಿ, ಮೂಲೆಯಲ್ಲಿ 20ಡಬ್ಲ್ಯು-40. ಹೆಚ್ಚು ಮೈಲೇಜು, ಹೆಚ್ಚು ಪಿಕಪ್ ಎಂಬರ್ಥದ ಮಾತುಗಳು ಬೇರೆ. ಇದನ್ನು ನೋಡಿ ಹೌದು ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಫೋನು ಮಾಡಿ, "ಅಕ್ಕ, ಹಿಂದುಗಡೆಯದು ತೆಗ್ದು ಕಳ್ಸು" ಎಂದೆವು.

"ಹಿಂದುಗಡೆ ಏನಿದೆಯೋ? ಎಲ್ಲಾ ಇರುವೆ ಸಾಲು ಇದ್ದಂಗಿದೆ."

"ಆ ಇರುವೆ ಸಾಲೇ ಬೇಕು."

ಮೊದಲ ಸಲ ಬಂದದ್ದು ಬೆಳಕು ಹೊಡೆದು ಬಿಳಿಯಾದ ಫೋಟೊ. ಡಬ್ಬಿಯ ಪ್ಲಾಸ್ಟಿಕ್ಕು ಹೊಳೆಯುತ್ತದೆ, ಫ್ಲ್ಯಾಶ್ ಹಾಕಿದರೆ ಅಕ್ಷರ ಮಾಯ. ಮೇಲೆ ಎಣ್ಣೆ ಮೆತ್ತಿಕೊಂಡಿದ್ದರೆ ಇನ್ನೂ ಕಷ್ಟ. ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ, ಒಂದು ಗೇಣು ದೂರದಿಂದ ಎರಡು ಮೂರು ಫೋಟೊ ತೆಗೆಯಲು ಹೇಳಿದೆವು. ಎರಡನೇ ಸಲ ಬಂದದ್ದನ್ನು ಹಿಗ್ಗಿಸಿ ನೋಡಿದಾಗ ಬೇಕಾದದ್ದೆಲ್ಲ ಸಿಕ್ಕಿತು. ಬೇಡದ್ದನ್ನು ಬಿಟ್ಟರೆ ಉಳಿಯುವುದು ಇಷ್ಟು:

```
4T
SAE 20W-40
API SL
JASO MA2
1 L
```

ಇದು ಅರ್ಧ ಮಾತ್ರ. ಇದನ್ನು ಹೋಲಿಸಿ ನೋಡಲು ಇನ್ನೊಂದು ಕಾಗದ ಬೇಕು. ಅದು ಗಾಡಿಯ ಜೊತೆ ಬರುವ ಪುಸ್ತಕ, ಓನರ್ಸ್ ಮ್ಯಾನ್ಯುಯಲ್. ಮೂರನೇ ಕೈಯ ಗಾಡಿಗೆ ಪುಸ್ತಕ ಎಲ್ಲಿಂದ ಬರಬೇಕು? ಅವೆನ್ಯೂ ರಸ್ತೆಯಲ್ಲಿ ಸಿಗದ ಪುಸ್ತಕವಿಲ್ಲ ಎನ್ನುತ್ತಾರೆ, ಅಂಗಡಿಯವರನ್ನೇ ಕೇಳಿದೆವು. ನಕ್ಕುಬಿಟ್ಟರು. "ಸ್ಕೂಟರಿನ ಪುಸ್ತಕಾನಾ? ಅದನ್ನ ಯಾರು ಸಾರ್ ಓದಿ ಮಾರ್ತಾರೆ?" ಎಂದರು. ಕೊನೆಗೆ ಅಕ್ಕನ ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಅದೇ ಮಾದರಿಯ ಗಾಡಿಯೂ ಅದರ ಪುಸ್ತಕವೂ ಇದ್ದವು. ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲವಂತೆ. ಕಂಪನಿಗಳ ಜಾಲತಾಣದಲ್ಲೂ ಈ ಪುಸ್ತಕಗಳು ಸಿಗುತ್ತವೆ, ಮಾದರಿ ಮತ್ತು ವರ್ಷ ಸರಿಯಾಗಿ ನೋಡಿಕೊಳ್ಳಬೇಕು, ಅಷ್ಟೇ. ಮೇಷ್ಟ್ರ ಪುಸ್ತಕದ ಪುಟದಲ್ಲಿ ಇದ್ದದ್ದು:

```
SAE 10W-30
API SG or higher
JASO T 903: MB
```

ಈಗ ಎರಡು ಫೋಟೊ ಪಕ್ಕಪಕ್ಕ ಇವೆ. ಒಂದೊಂದೇ ಸಾಲು ಹಿಡಿದು ನೋಡುತ್ತಾ ಹೋಗೋಣ.

ಮೊದಲ ಸಾಲು ಎಸ್‌ಎಇ. ಇದು ಎಣ್ಣೆ ಎಷ್ಟು ಮಂದ, ಎಷ್ಟು ತೆಳು ಎಂಬುದರ ಲೆಕ್ಕ. ಒಳ್ಳೆಯದು ಕೆಟ್ಟದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಚಳಿಗಾಲದ ಬೆಳಿಗ್ಗೆ ಹರಳೆಣ್ಣೆ ಬಾಟಲಿ ಬಗ್ಗಿಸಿದರೆ ಎಣ್ಣೆ ಇಳಿಯುವುದೇ ಇಲ್ಲ, ಅದನ್ನೇ ಬಿಸಿ ಮಾಡಿದರೆ ನೀರಿನಂತೆ ಓಡುತ್ತದೆ. ಎಂಜಿನ್ ಆಯಿಲ್ಲೂ ಹಾಗೆಯೇ. ಅದಕ್ಕೇ ಎರಡು ಅಂಕಿ: ಒಂದು ತಣ್ಣಗಿದ್ದಾಗ, ಇನ್ನೊಂದು ಬಿಸಿಯಾದಾಗ. ನಡುವಿನ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ತೂಕ ಎಂದುಕೊಂಡವರನ್ನು ಬೇಕಾದಷ್ಟು ನೋಡಿದ್ದೇವೆ.

ಡಬ್ಲ್ಯು ಪಕ್ಕದ ಅಂಕಿ ಸಣ್ಣದಾದಷ್ಟೂ ಎಣ್ಣೆ ಹೆಚ್ಚಿನ ಚಳಿಯಲ್ಲೂ ಹರಿಯುತ್ತದೆ. 10ಡಬ್ಲ್ಯು ಎಣ್ಣೆಯಲ್ಲಿ ಎಂಜಿನ್ ತಿರುಗುತ್ತದೆಯೇ ಎಂದು ಸೊನ್ನೆಗಿಂತ 25 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ನಮ್ಮ ಬೀದರಿನ ಚಳಿಗಾಲವೂ ಸೊನ್ನೆಯ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ 20ಡಬ್ಲ್ಯು ಹಾಕಿದರೆ ಗಾಡಿ ಸ್ಟಾರ್ಟೇ ಆಗದು ಎಂದೇನಿಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ಡೇರಿಗೆ ಹೊರಡುವ ಅಕ್ಕನ ಗಾಡಿಯಲ್ಲಿ ಮಂದ ಎಣ್ಣೆ ಮೇಲಿನವರೆಗೆ ತಲುಪಲು ತುಸು ಹೆಚ್ಚು ಹೊತ್ತು ಬೇಕು. ಡೇರಿ ಒಂದೂವರೆ ಕಿಲೋಮೀಟರು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ದಾರಿ ಮುಗಿಯುತ್ತದೆ. ಅಂಥ ಸಣ್ಣ ಸಣ್ಣ ಓಡಾಟಕ್ಕೆ ತೆಳು ಎಣ್ಣೆಯೇ ಅನುಕೂಲ.

ಎರಡನೇ ಅಂಕಿ 100 ಡಿಗ್ರಿ ಶಾಖದಲ್ಲಿ ಅಳೆದದ್ದು. 30 ಎಂದು ಬರೆದ ಎಣ್ಣೆಯ ಮಂದತೆ 9.3ರಿಂದ 12.5ರ ಒಳಗೆ ಇರಬೇಕು, 40 ಎಂದು ಬರೆದದ್ದು 12.5ರಿಂದ 16.3ರ ಒಳಗೆ. ಈ ಅಳತೆಯ ಹೆಸರು ಸೆಂಟಿಸ್ಟೋಕ್, ಅದನ್ನು ನೆನಪಿಡಬೇಕಿಲ್ಲ. ಎಂಜಿನ್ ಕಾದಿರುವಾಗ ಎರಡನೆಯದು ಸುಮಾರು ಮೂರನೇ ಒಂದು ಪಾಲು ಹೆಚ್ಚು ಮಂದ ಎಂದು ತಿಳಿದರೆ ಸಾಕು. ಗ್ಯಾರೇಜಿನವರ ವಾದವೂ ಇಲ್ಲೇ ಇದೆ: "ನಮ್ಮ ಕಡೆ ಬಿಸಿಲು ಜಾಸ್ತಿ ಸಾರ್, ಗಟ್ಟಿ ಆಯಿಲ್ ಇದ್ರೆ ಎಂಜಿನ್ನಿಗೆ ಒಳ್ಳೇದು." ಕೇಳಲು ಸರಿ ಎನಿಸುತ್ತದೆ. ಆದರೆ ಎಣ್ಣೆಯ ಪಂಪು, ಎಣ್ಣೆ ಹರಿಯುವ ಸಂದುಗಳು, ಎಲ್ಲವನ್ನೂ 30ರ ಮಂದತೆ ಲೆಕ್ಕ ಹಾಕಿ ಮಾಡಿದ್ದಾರೆ. ಈ ಗಾಡಿ ಮಾಡುವವರಿಗೆ ನಮ್ಮ ಬಿಸಿಲು ಗೊತ್ತಿಲ್ಲವೆಂದಲ್ಲ. ಕೋಲಾರದ ನರಸಾಪುರದಲ್ಲೇ 2013ರಿಂದ ಅವರ ಕಾರ್ಖಾನೆ ಇದೆ. ಇಷ್ಟು ಸಣ್ಣ ಎಂಜಿನ್ನಿಗೆ ಮಂದ ಎಣ್ಣೆ ಹಾಕಿದರೆ ಅದನ್ನು ಕಲಕುವುದಕ್ಕೇ ಒಂದಿಷ್ಟು ಶಕ್ತಿ ಹೋಗುತ್ತದೆ. ಎಂಜಿನ್ ಒಡೆಯುವುದಿಲ್ಲ, ಮೈಲೇಜು ತುಸು ಇಳಿಯುತ್ತದೆ, ಗಾಡಿ ಭಾರ ಎನಿಸುತ್ತದೆ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ದಾರಿಯಲ್ಲಿ ಎಣ್ಣೆ ಕಮ್ಮಿಯಾಗಿ ಸಿಕ್ಕಿಬಿದ್ದರೆ, ಸಿಗುವುದು 20ಡಬ್ಲ್ಯು-40 ಮಾತ್ರವಾದರೆ, ಅದನ್ನೇ ಸ್ವಲ್ಪ ಹಾಕಿಕೊಂಡು ಊರು ಸೇರಿ. ಎಣ್ಣೆಯೇ ಇಲ್ಲದೆ ಓಡಿಸುವುದಕ್ಕಿಂತ ಬೇರೆ ಗ್ರೇಡಿನ ಎಣ್ಣೆ ಸಾವಿರ ಪಾಲು ವಾಸಿ. ನಾವು ಸುಟ್ಟುಕೊಂಡ ಎಂಜಿನ್ನು ಎಣ್ಣೆ ಇಲ್ಲದೆಯೇ ಸತ್ತದ್ದು, ತಪ್ಪು ಗ್ರೇಡಿನಿಂದಲ್ಲ.

ಎರಡನೇ ಸಾಲು ಎಪಿಐ. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ. ಮೊದಲ ಅಕ್ಷರ ಎಸ್ ಇದ್ದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಇದ್ದರೆ ಡೀಸೆಲ್ಲಿಗೆ. ಟ್ರ್ಯಾಕ್ಟರಿಗೆ ತಂದು ಉಳಿದ ಎಣ್ಣೆಯನ್ನು ಸ್ಕೂಟರಿಗೆ ಸುರಿಯುವವರು ಈ ಮೊದಲ ಅಕ್ಷರವನ್ನಾದರೂ ನೋಡಬೇಕು. ಎರಡನೇ ಅಕ್ಷರ ಮುಂದೆ ಮುಂದೆ ಹೋದಂತೆ ದರ್ಜೆ ಹೊಸದು. ಎಸ್‌ಜಿ ಹಳೆಯದು, ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಪುಸ್ತಕ ಎಸ್‌ಜಿ ಅಥವಾ ಮೇಲಿನದು ಎನ್ನುತ್ತದೆ, ಅಕ್ಕನ ಫೋಟೊದ ಡಬ್ಬಿ ಎಸ್‌ಎಲ್. ಈ ಸಾಲಿನಲ್ಲಿ ಡಬ್ಬಿ ಪಾಸು.

ಹಾಗಾದರೆ ಎಲ್ಲಕ್ಕಿಂತ ಮುಂದಿನ ಅಕ್ಷರದ ಎಣ್ಣೆಯೇ ಎಲ್ಲಕ್ಕಿಂತ ಒಳ್ಳೆಯದೇ? ದುಡ್ಡಿದ್ದವರು ಬೀಳುವುದು ಈ ಹಳ್ಳಕ್ಕೇ. ಕಾರಿನ ದುಬಾರಿ ಡಬ್ಬಿಯ ಬೆನ್ನಲ್ಲಿ ಒಂದು ದುಂಡು ಮುದ್ರೆ ಇರುತ್ತದೆ, ನಡುವೆ ತೂತಿರುವ ವಡೆಯ ಹಾಗೆ. ಅದರ ಕೆಳ ಅರ್ಧದಲ್ಲಿ ರಿಸೋರ್ಸ್ ಕನ್ಸರ್ವಿಂಗ್ ಅಥವಾ ಎನರ್ಜಿ ಕನ್ಸರ್ವಿಂಗ್ ಎಂದು ಬರೆದಿದ್ದರೆ ಅದು ಕಾರಿಗಾಗಿ ಮಾಡಿದ ಎಣ್ಣೆ. ಹೋಂಡಾದ ಪುಸ್ತಕ ಅಂಥ ಮುದ್ರೆಯ ಎಣ್ಣೆ ಬೇಡ ಎಂದು ಬಿಡಿಸಿ ಹೇಳುತ್ತದೆ. ಕಾರಿನ ಹೊಗೆ ಕೊಳವೆಯಲ್ಲಿರುವ ಶುದ್ಧೀಕರಣದ ಭಾಗ ಕೆಡಬಾರದೆಂದು ಆ ತೆಳು ಎಣ್ಣೆಗಳಲ್ಲಿ ರಂಜಕಕ್ಕೆ ನೂರಕ್ಕೆ 0.08ರ ಮೇಲ್ಮಿತಿ ಇದೆ. ದ್ವಿಚಕ್ರ ವಾಹನದ ಜಪಾನಿ ಮಾನದಂಡದಲ್ಲಿ ಅದೇ 0.08 ಕೆಳಮಿತಿ, ಏಕೆಂದರೆ ಲೋಹ ಸವೆಯದಂತೆ ಕಾಯುವುದು ಆ ರಂಜಕದ ಸೇರ್ಪಡೆಯೇ. ಒಬ್ಬರಿಗೆ ಇದಕ್ಕಿಂತ ಹೆಚ್ಚು ಬೇಡ, ಇನ್ನೊಬ್ಬರಿಗೆ ಇದಕ್ಕಿಂತ ಕಡಿಮೆ ಬೇಡ. ಹೊಸ ಅಕ್ಷರ, ಹೆಚ್ಚಿನ ಬೆಲೆ ಎಂದಾಕ್ಷಣ ಸ್ಕೂಟರಿಗೆ ಮೇಲು ಎಂದಾಗುವುದಿಲ್ಲ.

ಮೂರನೇ ಸಾಲೇ ಮುಖ್ಯವಾದದ್ದು, ಜಾಸೋ. ಇದು ಆ ಜಪಾನಿ ಮಾನದಂಡ. ಬೈಕಿಗೂ ಸ್ಕೂಟರಿಗೂ ಇರುವ ವ್ಯತ್ಯಾಸ ಡಬ್ಬಿಯ ಮೇಲೆ ಕಾಣುವುದು ಇಲ್ಲಿ ಮಾತ್ರ.

ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕ್ಲಚ್ಚಿನ ತಟ್ಟೆಗಳು ಒಂದನ್ನೊಂದು ಹಿಡಿದುಕೊಂಡರೆ ಮಾತ್ರ ಗಾಡಿ ಮುಂದೆ ಹೋಗುವುದು. ಎಣ್ಣೆ ತೀರಾ ಜಾರುವಂತಿದ್ದರೆ ತಟ್ಟೆಗಳು ಜಾರುತ್ತವೆ. ಅದಕ್ಕೆ ಬೈಕಿಗೆ ಎಂಎ ಗುಂಪಿನ ಎಣ್ಣೆ. ಅದರಲ್ಲೇ ಹೆಚ್ಚು ಹಿಡಿತದ್ದು ಎಂಎ2, ಕಡಿಮೆ ಹಿಡಿತದ್ದು ಎಂಎ1. ಗೇರಿಲ್ಲದ ಸ್ಕೂಟರಿನ ಕಥೆ ಬೇರೆ. ಅದರಲ್ಲಿ ಬೆಲ್ಟು ಇದೆ, ಹಿಂದಿನ ಚಕ್ರದ ಪಕ್ಕದಲ್ಲಿ ಒಣ ಕ್ಲಚ್ಚು ಇದೆ. ಎಂಜಿನ್ನಿನ ಎಣ್ಣೆ ಅತ್ತ ಸುಳಿಯುವುದೇ ಇಲ್ಲ. ಹಾಗಾಗಿ ಎಷ್ಟು ಜಾರಿದರೂ ಸರಿ, ಜಾರಿದಷ್ಟೂ ಎಂಜಿನ್ ಹಗುರ. ಅಂಥ ಎಣ್ಣೆಗೆ ಎಂಬಿ ಎಂದು ಹೆಸರು.

ಈಗ ಅಕ್ಕನ ಫೋಟೊ ನೋಡಿ: ಎಂಎ2. ಪುಸ್ತಕ ಕೇಳುವುದು ಎಂಬಿ. ಇದರಿಂದ ಗಾಡಿ ಹಾಳಾಗುತ್ತದೆಯೇ? ಇಲ್ಲ. ಸ್ಕೂಟರಿಗೆ ಎಂಎ ಹಾಕಿದರೆ ನಷ್ಟವಾಗುವುದು ಆ ಹಗುರತನ ಮಾತ್ರ. ಕೆಲವು ಕಂಪನಿಗಳು ತಮ್ಮ ಸ್ಕೂಟರಿಗೂ ಎಂಎ ಗುಂಪನ್ನೇ ಹೇಳುವುದುಂಟು, ಅಂಥ ಗಾಡಿಗೆ ಅವರ ಪುಸ್ತಕವೇ ಪ್ರಮಾಣ. ಅಪಾಯ ಇರುವುದು ತಿರುಗುಮುರುಗು ಮಾಡಿದಾಗ. ಸ್ಕೂಟರಿನ ಎಂಬಿ ಡಬ್ಬಿಯನ್ನು ಭಾವನ ಬೈಕಿಗೆ ಸುರಿದರೆ ಕ್ಲಚ್ಚು ಜಾರತೊಡಗುತ್ತದೆ. ಎಕ್ಸಲೇಟರ್ ತಿರುವಿದರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ, ದಿಬ್ಬದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಒಂದೇ ಮನೆಯಲ್ಲಿ ಎರಡೂ ಗಾಡಿ ಇದ್ದು, ಉಳಿದ ಎಣ್ಣೆ ಯಾಕೆ ವೇಸ್ಟು ಎಂದು ಅದರದ್ದು ಇದಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ?

ಇಲ್ಲಿ ಇನ್ನೊಂದು ಗುರುತು ನೋಡಬೇಕು. ಜಾಸೋ ಎಂಬುದು ಬರೀ ವಾಕ್ಯದೊಳಗೆ ಬಂದಿದೆಯೋ, ಪುಟ್ಟ ಚೌಕದೊಳಗೆ ಬಂದಿದೆಯೋ? ಚೌಕದ ಮೇಲಿನ ಭಾಗದಲ್ಲಿ ಅಕ್ಷರ, ಅಂಕಿ ಸೇರಿದ ಒಂದು ಸಂಕೇತ ಸಂಖ್ಯೆ, ಕೆಳಗೆ ಎಂಎ ಅಥವಾ ಎಂಬಿ ಇದ್ದರೆ, ಆ ಕಂಪನಿ ತನ್ನ ಎಣ್ಣೆಯ ಪರೀಕ್ಷೆಯ ವಿವರ ಕೊಟ್ಟು ಹೆಸರು ನೋಂದಾಯಿಸಿದೆ ಎಂದರ್ಥ. ಈ ಮಟ್ಟಕ್ಕೆ ಸರಿಹೊಂದುತ್ತದೆ ಎಂದು ಬರೀ ವಾಕ್ಯ ಬರೆದಿದ್ದರೆ ಅದು ಕಂಪನಿಯ ಬಾಯಿಮಾತು. ಸುಳ್ಳೆಂದು ಹೇಳುತ್ತಿಲ್ಲ, ಮಾತು ಯಾರದ್ದೆಂದು ತಿಳಿದಿರಲಿ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯಿತು. ಗ್ರೇಡು ಬೇರೆಯಾದರೆ ಮೈಲೇಜು ತುಸು ಇಳಿಯಬಹುದು, ಗಾಡಿ ಹೊಗೆ ಬಿಡುವುದೇಕೆ? ಉತ್ತರ ಫೋಟೊದ ಕೊನೆಯ ಸಾಲಿನಲ್ಲಿತ್ತು: ಒಂದು ಲೀಟರ್.

"ಅಕ್ಕ, ಹೋದ ಸಲ ಈ ಡಬ್ಬಿ ಹಾಕಿದ ಮೇಲೆ ಎಷ್ಟು ಉಳೀತು?"

"ಉಳಿಯೋದೇನು ಬಂತು? ಪೂರ್ತಿ ಹಾಕ್ಬಿಟ್ರು. ದುಡ್ಡು ಕೊಟ್ಟಿದೀವಲ್ಲ, ನಾನೇ ಪೂರ್ತಿ ಹಾಕಿ ಅಂದೆ."

ಈ ಗಾಡಿಗೆ ಹಿಡಿಸುವುದು ಒಂದು ಲೀಟರಿಗಿಂತ ಕಡಿಮೆ. ಸ್ಕೂಟರಿನ ಡಬ್ಬಿಗಳು 800 ಮಿಲೀ ಅಳತೆಯಲ್ಲಿ ಬರುವುದು ಅದಕ್ಕೇ. ಪುಸ್ತಕದಲ್ಲಿ ಎರಡು ಅಳತೆ ಕೊಟ್ಟಿರುತ್ತಾರೆ: ಬರೀ ಎಣ್ಣೆ ಇಳಿಸಿ ಹಾಕುವಾಗಿನದು ಒಂದು, ಎಂಜಿನ್ ಬಿಚ್ಚಿ ಕಟ್ಟಿದಾಗಿನದು ಇನ್ನೊಂದು. ಸರ್ವಿಸಿಗೆ ನೋಡಬೇಕಾದದ್ದು ಮೊದಲನೆಯ, ಕಡಿಮೆ ಅಂಕಿ. ಹೆಚ್ಚು ಸುರಿದರೆ ತಿರುಗುವ ಭಾಗ ಎಣ್ಣೆಯನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ, ನೊರೆ ಏಳುತ್ತದೆ. ಹೆಚ್ಚಾದ ಎಣ್ಣೆ ಉಸಿರುಕೊಳವೆಯಲ್ಲಿ ಹತ್ತಿ ಏರ್ ಫಿಲ್ಟರಿನ ಪೆಟ್ಟಿಗೆಗೆ ಸೇರುತ್ತದೆ, ಅಲ್ಲಿಂದ ಎಂಜಿನ್ನಿಗೆ ಹೋಗಿ ಉರಿಯುತ್ತದೆ. ಹೊಗೆ ಬರುತ್ತದೆ, ಎಳೆತ ಹೋಗುತ್ತದೆ. ಮೇಷ್ಟ್ರ ಮಗ ಏರ್ ಫಿಲ್ಟರಿನ ಪೆಟ್ಟಿಗೆ ಬಿಚ್ಚಿ ಫೋಟೊ ಕಳಿಸಿದ. ಕಾಗದದ ಫಿಲ್ಟರು ಎಣ್ಣೆಯಲ್ಲಿ ನೆಂದ ಬಜ್ಜಿಯ ಹಾಗಿತ್ತು. ಗಾಡಿಯನ್ನು ಕೆಡಿಸಿದ್ದು 20ಡಬ್ಲ್ಯು-40 ಆಗಿರಲಿಲ್ಲ, ಎಂಎ2 ಆಗಿರಲಿಲ್ಲ, ಅಳತೆ ಕೆಡಿಸಿತ್ತು. ದುಡ್ಡು ಕೊಟ್ಟಿದ್ದನ್ನು ಬಿಡಬಾರದೆಂಬ ನಮ್ಮ ಮನೆಯ ಬುದ್ಧಿಯೂ ಸೇರಿತ್ತು.

ಆ ಡಬ್ಬಿ ಗ್ಯಾರೇಜಿಗೆ ಎಲ್ಲಿಂದ ಬಂತು ಎಂದು ವಿಚಾರಿಸಿದರೆ, ಅಲ್ಲಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಬೈಕು. ಒಂದೇ ಬಗೆಯ ಎಣ್ಣೆ ಪೆಟ್ಟಿಗೆಗಟ್ಟಲೆ ತಂದಿಟ್ಟರೆ ಅವರಿಗೆ ಅಗ್ಗ. ಡಬ್ಬಿ ಕೆಟ್ಟದ್ದಲ್ಲ, ಗಾಡಿ ಬೇರೆ. ಆ ಹುಡುಗನನ್ನು ಬೈಯುವುದಕ್ಕೆ ನಮಗೆ ಮನಸ್ಸಿಲ್ಲ. ಅವನಿಗೂ ಆ ಇರುವೆ ಸಾಲನ್ನು ಯಾರೂ ಓದಿ ಹೇಳಿಲ್ಲ.

ಫೋಟೊ ಎಷ್ಟು ಚೆನ್ನಾಗಿದ್ದರೂ ಒಂದು ವಿಷಯ ಹೇಳಲಾರದು. ಡಬ್ಬಿಯ ಮೇಲಿನದ್ದು ಡಬ್ಬಿಯ ಒಳಗಿದೆಯೇ? ಖಾಲಿ ಡಬ್ಬಿಗೆ ಬಳಸಿದ ಎಣ್ಣೆ ಸೋಸಿ ತುಂಬಿ ಮಾರುವ ದಂಧೆ ಇದೆ. ಮುಚ್ಚಳದ ಉಂಗುರ ಮುರಿಯದೆ ಇರಬೇಕು, ಒಳಗೆ ಬಾಯಿಗೆ ಅಂಟಿಸಿದ ಹಾಳೆ ಗಟ್ಟಿಯಾಗಿರಬೇಕು, ಬ್ಯಾಚ್ ಸಂಖ್ಯೆ ಮತ್ತು ತಯಾರಿಸಿದ ತಿಂಗಳು ಅಳಿಸಿರಬಾರದು. ಇದನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಎಣ್ಣೆ ಹಾಕಿಸಿದ ಮೇಲೆ ಖಾಲಿ ಡಬ್ಬಿಯನ್ನು ಗುಜರಿಗೆ ಹಾಗೇ ಕೊಡಬೇಡಿ. ಮೊಳೆ ಹೊಡೆದು ತೂತು ಮಾಡಿ ಕೊಡಿ, ಮುಂದೆ ಅದರಲ್ಲಿ ಯಾರೂ ಏನೂ ತುಂಬಲಾರರು.

ಪುಸ್ತಕದ ಗಂಟು ಹೆಗಲಿಗೇರಿಸಿ, ಅವೆನ್ಯೂ ರಸ್ತೆ ಮುಗಿಯುವ ಮಾರುಕಟ್ಟೆ ದಾಟಿ, ಎಸ್‌ಜೆಪಿ ರಸ್ತೆಯಲ್ಲಿ ಟೌನ್‌ಹಾಲ್ ಕಡೆಗೆ ನಡೆದೆವು. ಅಲ್ಲಿಂದ ಜೆಸಿ ರಸ್ತೆ, ಬಿಡಿಭಾಗಗಳ ಸಾಲು ಅಂಗಡಿ. ಮೊದಲ ಅಂಗಡಿಯಲ್ಲಿ "ಸ್ಕೂಟರ್ ಆಯಿಲ್ ಕೊಡಿ" ಎಂದರೆ 20ಡಬ್ಲ್ಯು-40 ಡಬ್ಬಿಯನ್ನೇ ಮೇಜಿನ ಮೇಲಿಟ್ಟರು. ಎರಡನೇ ಅಂಗಡಿಯಲ್ಲಿ ಕೇಳುವ ರೀತಿ ಬದಲಿಸಿದೆವು: "10ಡಬ್ಲ್ಯು-30, ಜಾಸೋ ಎಂಬಿ, 800 ಮಿಲೀ." ಆತ ಒಂದು ಮಾತೂ ಆಡದೆ ಒಳಗೆ ಹೋಗಿ ಸರಿಯಾದದ್ದನ್ನೇ ತಂದುಕೊಟ್ಟರು. ಕಂಪನಿ ಹೆಸರು ಹೇಳಿ ಕೇಳಿದರೆ ಅಂಗಡಿಯವರು ಆರಿಸುತ್ತಾರೆ, ಗುರುತು ಹೇಳಿ ಕೇಳಿದರೆ ನಾವು ಆರಿಸುತ್ತೇವೆ.

ಈಗ ನಮ್ಮ ದೂರಿಗೆ ಬರೋಣ. ಪೊಟ್ಟಣದ ಸರಕಿನ ಮೇಲೆ ಏನೇನು ಬರೆಯಬೇಕೆಂದು ಹೇಳುವುದು 2011ರ ಕಾನೂನು ಮಾಪನ ನಿಯಮಗಳು. ತಯಾರಕರ ವಿಳಾಸ, ನಿವ್ವಳ ಪ್ರಮಾಣ, ತಯಾರಿಸಿದ ತಿಂಗಳು, ಗರಿಷ್ಠ ಬೆಲೆ, ದೂರು ಹೇಳುವ ವಿಳಾಸ. ಇದನ್ನೆಲ್ಲ ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕು ಎನ್ನುತ್ತದೆ ನಿಯಮ. ಜೊತೆಗೆ ಬೇರೆ ಭಾಷೆಯಲ್ಲೂ ಬರೆಯಲು ಅಡ್ಡಿಯಿಲ್ಲ ಎಂದೂ ಹೇಳುತ್ತದೆ. ಅಂದರೆ ಕನ್ನಡಕ್ಕೆ ನಿಷೇಧವಿಲ್ಲ, ಕಡ್ಡಾಯವೂ ಇಲ್ಲ. ಕಡ್ಡಾಯವಿಲ್ಲದ್ದನ್ನು ಯಾವ ಕಂಪನಿ ಮಾಡುತ್ತದೆ? ಊರಿನ ಗೋಡೆಯ ಮೇಲೆ ತನ್ನ ಜಾಹೀರಾತನ್ನು ಚೆಂದದ ಕನ್ನಡದಲ್ಲಿ ಬರೆಸುವ ಉದ್ಯಮಕ್ಕೆ ಡಬ್ಬಿಯ ಬೆನ್ನಿಗೆ ಬಂದಾಗ ಕನ್ನಡ ಮರೆತುಹೋಗುತ್ತದೆ.

ಎಸ್‌ಎಇ, ಜಾಸೋ ಎಂಬ ಗುರುತುಗಳು ಜಗತ್ತಿಗೆಲ್ಲ ಒಂದೇ, ಅವನ್ನು ಕನ್ನಡಿಸಿ ಎಂದು ನಾವು ಕೇಳುತ್ತಿಲ್ಲ. ಕೇಳುವುದು ಎರಡು ಸಾಲು. ಒಂದು, ಇದು ಗೇರ್ ಇಲ್ಲದ ಸ್ಕೂಟರಿಗೆ ಅಥವಾ ಇದು ಗೇರ್ ಇರುವ ಬೈಕಿಗೆ. ಎರಡು, ಡಬ್ಬಿಯನ್ನು ಪೂರ್ತಿ ಸುರಿಯಬೇಡಿ, ಅಳತೆ ಕಡ್ಡಿ ನೋಡಿ ಹಾಕಿ. ಈ ಎರಡು ಸಾಲು ಓದಲಾಗುವ ದಪ್ಪದಲ್ಲಿ, ಕನ್ನಡದಲ್ಲಿ, ಡಬ್ಬಿಯ ಮುಖದ ಮೇಲಿದ್ದಿದ್ದರೆ ಅಕ್ಕನ ಏರ್ ಫಿಲ್ಟರಿಗೆ ಆ ಗತಿ ಬರುತ್ತಿರಲಿಲ್ಲ. ಬೆಂಕಿ ಉಗುಳುವ ಬೈಕಿನ ಚಿತ್ರಕ್ಕೆ ಜಾಗವಿರುವಲ್ಲಿ ಎರಡು ಸಾಲಿಗೆ ಜಾಗವಿಲ್ಲವೇ?

ನಮ್ಮದೂ ತಪ್ಪಿದೆ. ಹೊಸ ಮಾದರಿಯ ಗಾಡಿ ಬಂದರೆ ಕಂಪನಿ ಕಳಿಸಿದ ಟಿಪ್ಪಣಿಯನ್ನು ಹಾಗೇ ಸುದ್ದಿ ಮಾಡಿ ಕಳಿಸುತ್ತೇವೆ. ಅದೇ ಗಾಡಿ ಮೂರನೇ ಕೈಗೆ ಬಂದು, ಪುಸ್ತಕ ಕಳೆದುಹೋಗಿ, ಡೇರಿ ಕಾರ್ಯದರ್ಶಿಯ ಹೊಟ್ಟೆಪಾಡಾದಾಗ ಅದರ ಬಗ್ಗೆ ಒಂದು ಪ್ಯಾರಾ ಬರೆದವರಲ್ಲ. ಈ ಬರಹ ಆ ಸಾಲದ ಸಣ್ಣ ಕಂತು.

ಮರುದಿನ ಹಳೇ ಎಣ್ಣೆ ಇಳಿಸಿ, ಜಾಲರಿ ತೊಳೆದು, ಹೊಸ ಏರ್ ಫಿಲ್ಟರ್ ಹಾಕಿ, ಪುಸ್ತಕದ ಅಳತೆಯಷ್ಟೇ ಎಣ್ಣೆ ಹಾಕಿಸಿದೆವು. ಅಕ್ಕನಿಗೆ ನೋಡುವ ಕ್ರಮ ಹೇಳಿಕೊಟ್ಟೆವು. ಗಾಡಿಯನ್ನು ಸಮ ನೆಲದಲ್ಲಿ ನಡು ಸ್ಟ್ಯಾಂಡಿಗೆ ಹಾಕಬೇಕು. ಮೂರು ನಾಲ್ಕು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿ, ಎರಡು ಮೂರು ನಿಮಿಷ ಬಿಡಬೇಕು. ಕಡ್ಡಿ ತೆಗೆದು ಒರೆಸಿ, ತಿರುಪದೆ ಸುಮ್ಮನೆ ಇಳಿಬಿಟ್ಟು ಮತ್ತೆ ತೆಗೆಯಬೇಕು. ಎಣ್ಣೆ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಇರಬೇಕು. ತಿರುಪಿ ನೋಡಿದರೆ ಕಡ್ಡಿ ಇನ್ನೂ ಒಳಗಿಳಿದು ಎಣ್ಣೆ ಹೆಚ್ಚಿದ್ದಂತೆ ಸುಳ್ಳು ಹೇಳುತ್ತದೆ.

ಮೊದಲ ಒಂದೆರಡು ದಿನ ಸೈಲೆನ್ಸರಿನಲ್ಲಿ ಉಳಿದಿದ್ದ ಎಣ್ಣೆ ಉರಿದು ಹೊಗೆ ಬಂತು, ಆಮೇಲೆ ನಿಂತಿತು. ಡಬ್ಬಿಯಲ್ಲಿ ಒಂದಿಷ್ಟು ಎಣ್ಣೆ ಉಳಿದಿದೆ. ಭಾವ ಅದರ ಮೇಲೆ ಕಣ್ಣಿಟ್ಟಿದ್ದರಂತೆ. ನಿನ್ನೆ ಅಕ್ಕನಿಂದ ಮತ್ತೊಂದು ಫೋಟೊ ಬಂತು. ಡಬ್ಬಿಯ ಬೆನ್ನು, ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ ಡೇರಿ ಲೆಕ್ಕದ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದಾಳೆ: "ಇದು ಸ್ಕೂಟ್ರಿಗೆ ಮಾತ್ರ. ಬೈಕಿಗೆ ಮುಟ್ಟಬೇಡಿ."

ಕಂಪನಿ ಬರೆಯಬೇಕಾದ ಸಾಲನ್ನು ಅಕ್ಕ ಬರೆದುಕೊಂಡಿದ್ದಾಳೆ.